ಶುಗರ್ ದೋಸೆ ಹಿಟ್ಟಿನ ಜಾಹೀರಾತು ಯಾಕೆ ಪಾಸಾಗಲಿಲ್ಲ: ದೋಷ ಹುಡುಕಿದ ಬಗೆ

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನಮ್ಮ ಪಕ್ಕದ ಸೊಸೈಟಿಯಲ್ಲಿ ಕುಂದಾಪುರ ಕಡೆಯ ಒಬ್ಬ ಅಕ್ಕ ಇದ್ದಾರೆ. ರಾಗಿ, ಮೆಂತ್ಯ, ಉದ್ದು ಹುರಿದು ಪುಡಿ ಮಾಡಿ ದೋಸೆ ಹಿಟ್ಟು ಮಾರುತ್ತಾರೆ. ಅರ್ಧ ಕಿಲೋ ಪ್ಯಾಕೆಟ್ಟಿಗೆ 140 ರೂಪಾಯಿ. ಮೊದಮೊದಲು ತಗೊಂಡವರಲ್ಲಿ ಸಕ್ಕರೆ ಕಾಯಿಲೆಯವರೇ ಜಾಸ್ತಿ ಇದ್ದರು. ಹಾಗಾಗಿ ಸುತ್ತಲಿನ ನಾಲ್ಕು ಬಿಲ್ಡಿಂಗ್‌ಗಳಲ್ಲಿ ಅದಕ್ಕೆ 'ಶುಗರ್ ದೋಸೆ ಹಿಟ್ಟು' ಅಂತಲೇ ಹೆಸರು ಬಿತ್ತು. ಆ ಹೆಸರೇ ಮುಂದೆ ತಲೆನೋವಾಯಿತು.

ನವರಾತ್ರಿಗೆ ಮುಂಚೆ ಅಕ್ಕ ಇನ್‌ಸ್ಟಾಗ್ರಾಂನಲ್ಲಿ ಒಂದು ಪೋಸ್ಟ್ ಹಾಕಿ, ದಿನಕ್ಕೆ 200 ರೂಪಾಯಿಯಂತೆ ಐದು ದಿನಕ್ಕೆ ಬೂಸ್ಟ್ ಒತ್ತಿದರು, ಅಂದರೆ ದುಡ್ಡು ಕೊಟ್ಟು ಆ ಪೋಸ್ಟನ್ನು ಹೆಚ್ಚು ಜನಕ್ಕೆ ತೋರಿಸುವ ಬಟನ್. ತಿರಸ್ಕಾರವಾಯಿತು. ಬದಲಾಯಿಸಿ ಮತ್ತೆ ಒತ್ತಿದರು. ಮತ್ತೆ ತಿರಸ್ಕಾರ. ಎರಡು ದಿನದಲ್ಲಿ ಆರು ಸಲ ಹೀಗಾಯಿತು. ಮೂರನೇ ದಿನ ಜಾಹೀರಾತು ಖಾತೆಯೇ ನಿಂತಿತು. ಆಮೇಲೆ ನನ್ನ ಅಂಗಡಿಗೆ ಬಂದರು. ನಾನು ಸ್ಟೇಷನ್ ಹತ್ತಿರ ಡಿಸೈನ್, ಪ್ರಿಂಟಿಂಗ್ ಕೆಲಸ ಮಾಡುವವನು. ಬ್ಯಾನರ್ ಮಾಡಿಸಲು ಬಂದವರು ಇದನ್ನೂ ಸ್ವಲ್ಪ ನೋಡು ಅಂತ ಕೊಡುತ್ತಾರೆ, ಹಾಗೆ ಈ ಕೆಲಸವೂ ಅಂಟಿಕೊಂಡಿದೆ.

"ಎಂತ ಮಾರಾಯ, ಪೋಸ್ಟ್ ಅಲ್ಲೇ ಉಂಟು, ಎಲ್ಲರಿಗೂ ಕಾಣ್ತದೆ. ದುಡ್ಡು ಕೊಡ್ತೇನೆ ಅಂದ್ರೆ ಮಾತ್ರ ಬೇಡ ಅಂತಾರೆ. ಇದೆಂತ ಲೆಕ್ಕ?" ಅಂದರು.

ಲೆಕ್ಕ ಇದೆ. ಸುಮ್ನೆ ಹಾಕುವ ಪೋಸ್ಟಿಗೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಸಮುದಾಯ ನಿಯಮಗಳು ಮಾತ್ರ ಅನ್ವಯಿಸುತ್ತವೆ. ದುಡ್ಡು ಕೊಟ್ಟು ಓಡಿಸಿದರೆ ಅದರ ಮೇಲೆ ಜಾಹೀರಾತು ನಿಯಮಗಳೂ ಸೇರಿಕೊಳ್ಳುತ್ತವೆ, ಅವು ಹೆಚ್ಚು ಬಿಗಿ. ನಿಮ್ಮ ಗೋಡೆಯ ಮೇಲೆ ನೀವು ಏನೋ ಬರೆದುಕೊಳ್ಳುವುದು ಬೇರೆ, ಅದನ್ನು ಗುರುತಿಲ್ಲದವರ ಫೋನಿಗೆ ತಳ್ಳುವುದು ಬೇರೆ. ಅದಕ್ಕೇ ಪೋಸ್ಟ್ ಉಳಿಯಿತು, ಬೂಸ್ಟ್ ಬಿತ್ತು.

ಮೊದಲು: ನಿಜವಾಗಿ ನಿಂತಿರುವುದು ಯಾವುದು?

"ಜಾಹೀರಾತು ಓಡ್ತಿಲ್ಲ" ಅನ್ನುವ ಒಂದೇ ದೂರಿನ ಹಿಂದೆ ನಾಲ್ಕು ಬೇರೆ ಬೇರೆ ಕಾಯಿಲೆ ಇರಬಹುದು. ಇದನ್ನು ಬೇರೆ ಮಾಡದೆ ಕೈಹಾಕಿದರೆ ಇಲ್ಲದ ತಪ್ಪನ್ನು ತಿದ್ದುತ್ತಾ ಕೂರುತ್ತೀರಿ. ಕಂಪ್ಯೂಟರಿನಲ್ಲಿ ಮೆಟಾದ ಜಾಹೀರಾತುಗಳನ್ನು ನೋಡಿಕೊಳ್ಳುವ Ads Manager ಪುಟ ತೆರೆದು Delivery ಅನ್ನುವ ಕಾಲಂ ನೋಡಿ. ಮೊಬೈಲ್ ಬೂಸ್ಟ್ ಪರದೆಯಲ್ಲಿ ಅರ್ಧ ವಿಷಯ ಕಾಣುವುದಿಲ್ಲ.

In review ಅಂತಿದ್ದರೆ ಇನ್ನೂ ಪರಿಶೀಲನೆಯಲ್ಲಿದೆ. ಹೆಚ್ಚಿನವು 24 ಗಂಟೆಯೊಳಗೆ ಮುಗಿಯುತ್ತವೆ. ಕಾಯಬೇಕು, ನಡುವೆ ಮುಟ್ಟಬಾರದು. ತಿದ್ದಿದರೆ ಪರಿಶೀಲನೆ ಮತ್ತೆ ಮೊದಲಿಂದ ಶುರು. Learning limited ಅಂತಿದ್ದರೆ ಅದು ನಿಯಮದ ವಿಷಯವೇ ಅಲ್ಲ. ವಾರಕ್ಕೆ ಸುಮಾರು 50 ಫಲಿತಾಂಶ ಸಿಗದೆ ವ್ಯವಸ್ಥೆಗೆ ಕಲಿಯಲು ಸಾಕಷ್ಟು ಮಾಹಿತಿ ಇಲ್ಲ ಅಂತ ಅರ್ಥ. ಸಣ್ಣ ಬಜೆಟ್‌ನವರಿಗೆ ಇದು ಮಾಮೂಲಿ. Limited ಅನ್ನುವ ಪದ ನೋಡಿ ಹೆದರಿ ಬರುವವರು ತುಂಬಾ. ಮೂರನೆಯದು ದುಡ್ಡಿನ ತೊಂದರೆ. ಕಾರ್ಡಿನಿಂದ ದುಡ್ಡು ಹೋಗಿರುವುದಿಲ್ಲ, ಬಾಕಿ ಇರುತ್ತದೆ, ಮುಂಗಡ ಹಾಕಿದ್ದು ಖಾಲಿಯಾಗಿರುತ್ತದೆ. ಅದನ್ನು Billing ಪುಟದಲ್ಲಿ ನೋಡಿ, ಅಲ್ಲೇ ತೀರಿಸಿ.

ಉಳಿದದ್ದು Rejected. ಇದು ನಿಯಮದ ತಿರಸ್ಕಾರ. ಇಲ್ಲೂ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಬಿದ್ದಿರುವುದು ಒಂದು ಜಾಹೀರಾತಾ, ಅಥವಾ ಅದಕ್ಕಿಂತ ಮೇಲಿನದಾ? ಮೆಟಾದಲ್ಲಿ ಜಾಹೀರಾತಿನ ಮೇಲೆ ಜಾಹೀರಾತು ಖಾತೆ ಇರುತ್ತದೆ. ಜೊತೆಗೆ ಪುಟ, ಇವೆರಡನ್ನೂ ಒಟ್ಟಿಗೆ ಇಡುವ ಬಿಸಿನೆಸ್ ಪೋರ್ಟ್‌ಫೋಲಿಯೋ, ಕೊನೆಗೆ ನಿಮ್ಮ ಸ್ವಂತ ಪ್ರೊಫೈಲ್. ಇವುಗಳಲ್ಲಿ ಯಾವುದಕ್ಕೆ ಬೇಕಾದರೂ ನಿರ್ಬಂಧ ಬೀಳಬಹುದು. ಯಾವುದಕ್ಕೆ ಬಿದ್ದಿದೆ ಅಂತ Business Support Home ಪುಟ ತೋರಿಸುತ್ತದೆ. ಹಿಂದೆ ಇದನ್ನೇ Account Quality ಅನ್ನುತ್ತಿದ್ದರು.

ಅಕ್ಕನ ವಿಷಯದಲ್ಲಿ ಆರು ಜಾಹೀರಾತು Rejected, ಅದರ ಮೇಲೆ ಜಾಹೀರಾತು ಖಾತೆಗೆ ನಿರ್ಬಂಧ. ಪುಟ, ಪ್ರೊಫೈಲ್ ಎರಡೂ ಸರಿ ಇದ್ದವು. ಇದು ಒಳ್ಳೆಯ ಸುದ್ದಿ. ಪ್ರೊಫೈಲಿಗೇ ಜಾಹೀರಾತು ನಿರ್ಬಂಧ ಬಿದ್ದಿದ್ದರೆ ಎಷ್ಟು ಹೊಸ ಖಾತೆ ತೆರೆದರೂ ಆ ನಿರ್ಬಂಧ ಹಿಂದೆಯೇ ಬರುತ್ತದೆ.

ಖಾತೆ ನಿಂತದ್ದು ದೋಸೆ ಹಿಟ್ಟಿನಿಂದಲ್ಲ

ಮೊದಲ ತಿರಸ್ಕಾರದ ಕಾರಣ Personal attributes ಅಂತಿತ್ತು. ಖಾತೆ ನಿಂತ ಕಾರಣ Circumventing systems. ಎರಡೂ ಬೇರೆ ಬೇರೆ. ಎರಡನೆಯದರ ಅರ್ಥ, ಪರಿಶೀಲನೆಯ ಕಣ್ಣಿಗೆ ಮಣ್ಣೆರಚುವುದು.

ಅಕ್ಕನಿಗೆ ಸಿಟ್ಟು ಬಂತು. "ನಾನೆಂತ ಕಣ್ಣಿಗೆ ಮಣ್ಣೆರಚಿದೆ?" ಅಂದರು. ಆರು ಜಾಹೀರಾತನ್ನು ಸಾಲಾಗಿ ತೆರೆದು ನೋಡಿದಾಗ ಗೊತ್ತಾಯಿತು. ಮೊದಲನೆಯದರಲ್ಲಿ 'ಶುಗರ್' ಇತ್ತು. ಎರಡನೆಯದರಲ್ಲಿ 'ಶು.ಗ.ರ್'. ಮೂರರಲ್ಲಿ 'ಶು*ರ್'. ನಾಲ್ಕರಲ್ಲಿ ಅದೇ ಮಾತು ಇಂಗ್ಲಿಷ್ ಅಕ್ಷರದಲ್ಲಿ. ಐದು ಮತ್ತು ಆರರಲ್ಲಿ ಬರಹ ತೆಗೆದು, ಅದನ್ನೇ ಫೋಟೋದೊಳಗೆ ಬರೆದಿದ್ದರು. ಹೀಗೆ ಮಾಡಿದರೆ ಪಾಸಾಗುತ್ತದೆ ಅಂತ ಯಾರೋ ವಾಟ್ಸಾಪ್ ಗ್ರೂಪಿನಲ್ಲಿ ಹೇಳಿದ್ದರಂತೆ.

ಫೋಟೋದೊಳಗಿನ ಅಕ್ಷರವನ್ನೂ ಪರಿಶೀಲನೆ ಓದುತ್ತದೆ. ಪದದ ನಡುವೆ ಚುಕ್ಕಿ, ನಕ್ಷತ್ರ ಹಾಕುವುದು ಅದಕ್ಕೆ ಚೆನ್ನಾಗಿ ಪರಿಚಯವಿರುವ ಚಾಳಿ. ಮೊದಲ ತಪ್ಪು ಒಂದು ವಾಕ್ಯದ್ದು. ಅದನ್ನು ಮುಚ್ಚಿಡಲು ಹೋಗಿದ್ದು ಅದಕ್ಕಿಂತ ದೊಡ್ಡ ತಪ್ಪಾಯಿತು. ನಿಯಮದ ಕಣ್ಣಿನಲ್ಲಿ ಮೊದಲನೆಯದು ತಿಳಿಯದೆ ಮಾಡಿದ್ದು, ಎರಡನೆಯದು ತಿಳಿದೂ ಮಾಡಿದ್ದು.

ಇದೇ ಸಮಯದಲ್ಲಿ ಒಬ್ಬ ಏಜೆಂಟ್ 3,500 ರೂಪಾಯಿಗೆ 'ವೆರಿಫೈಡ್ ಖಾತೆ' ಕೊಡುತ್ತೇನೆ ಅಂತ ಅಕ್ಕನಿಗೆ ಫೋನ್ ಮಾಡಿದ್ದ. ಬೇಡ ಅಂದೆ. ನಿರ್ಬಂಧವಿರುವಾಗ ಬೇರೆ ಖಾತೆಯಿಂದ ಅದೇ ಜಾಹೀರಾತು ಓಡಿಸುವುದೂ ಇದೇ Circumventing systems ಕೆಳಗೆ ಬರುತ್ತದೆ. ಆಗ ಪುಟ, ಪ್ರೊಫೈಲ್ ಕೂಡ ಹೋಗುತ್ತವೆ. ಯಾರದೋ ಖಾತೆಗೆ ನಿಮ್ಮ ಕಾರ್ಡ್ ಜೋಡಿಸುವ ಅಪಾಯ ಬೇರೆ.

ಮಾಡಬೇಕಾದದ್ದು ಇಷ್ಟೇ: ಹೊಸ ಜಾಹೀರಾತು ಹಾಕುವುದು ನಿಲ್ಲಿಸಿ, Business Support Home ನಲ್ಲಿ ಆ ಖಾತೆ ಆರಿಸಿ, Request review ಒತ್ತಬೇಕು. ಅಕ್ಕನಿಗೆ ಗುರುತು ಖಚಿತಪಡಿಸಿ ಅಂತ ಬಂತು. ಫೋನಿಗೆ ಬಂದ ಕೋಡ್ ಹಾಕಿದೆವು. ಆಮೇಲೆ ಗುರುತಿನ ಚೀಟಿಯ ಫೋಟೋ ಕೇಳಿತು. ಇಲ್ಲಿ ಒಂದು ಸಣ್ಣ ಎಡವಟ್ಟು ಕಾದಿತ್ತು. ಫೇಸ್‌ಬುಕ್ ಪ್ರೊಫೈಲಿನಲ್ಲಿ ಅವರ ಹೆಸರಿನ ಮುಂದೆ ಊರಿನ ಹೆಸರು ಇತ್ತು, ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರು. ಹೀಗಿದ್ದರೆ ಗುರುತು ಹೊಂದುವುದಿಲ್ಲ ಅಂತ ವಾಪಸ್ ಬರುವ ಸಾಧ್ಯತೆ ಇದೆ. ಮೊದಲು ಪ್ರೊಫೈಲಿನ ಹೆಸರು ಸರಿ ಮಾಡಿಸಿದೆ, ಆಮೇಲೆ ಚೀಟಿ ಏರಿಸಿದೆವು. ಹೆಸರು ಒಮ್ಮೆ ಬದಲಿಸಿದರೆ 60 ದಿನ ಮತ್ತೆ ಮುಟ್ಟಲು ಬಿಡುವುದಿಲ್ಲ. ಹಾಗಾಗಿ ಕಾರ್ಡ್ ಕೈಯಲ್ಲಿ ಹಿಡಿದು, ಒಂದೊಂದು ಅಕ್ಷರ ನೋಡಿ ಬರೆಯಿರಿ.

ವಿವರಣೆ ಬರೆಯಲು ಜಾಗ ಕೊಟ್ಟಿದ್ದರೆ ಜಗಳಕ್ಕೆ ಹೋಗಬೇಡಿ, ಕಣ್ಣೀರೂ ಬೇಡ. ನಾವು ಬರೆದದ್ದು ಮೂರು ವಾಕ್ಯ: ನಾವು ಮನೆಯಲ್ಲಿ ದೋಸೆ ಹಿಟ್ಟು ಮಾಡಿ ಮಾರುತ್ತೇವೆ. ಹಿಂದಿನ ಜಾಹೀರಾತುಗಳಲ್ಲಿ ಕಾಯಿಲೆಯ ಬಗ್ಗೆ ತಪ್ಪು ಮಾತು ಇತ್ತು, ಪದಗಳನ್ನು ಒಡೆದು ಮತ್ತೆ ಹಾಕಿದ್ದೂ ತಪ್ಪು. ಅವೆಲ್ಲ ನಿಲ್ಲಿಸಿದ್ದೇವೆ, ಮುಂದಿನ ಜಾಹೀರಾತಿನಲ್ಲಿ ಆಹಾರದ ವಿವರ ಮಾತ್ರ ಇರುತ್ತದೆ. ಇಷ್ಟು ಇಂಗ್ಲಿಷಿನಲ್ಲಿ ಹಾಕಿದೆವು. ಎರಡು ದಿನಕ್ಕೆ ಖಾತೆ ತೆರೆಯಿತು. ಎಲ್ಲರಿಗೂ ಹೀಗೆ ತೆರೆಯುತ್ತದೆ ಅಂತ ಹೇಳಲಾರೆ. ನಿರ್ಬಂಧ ಖಾಯಂ ಅಂತ ಉತ್ತರ ಬರುವುದೂ ಉಂಟು.

ಹಳೆಯ ಆರು ಜಾಹೀರಾತು ಅಳಿಸಿಬಿಡಲಾ ಅಂತ ಅಕ್ಕ ಕೇಳಿದರು. ಬೇಕಿದ್ದರೆ ಅಳಿಸಿ, ಮತ್ತೆ ಕೈತಪ್ಪಿ ಓಡುವುದಿಲ್ಲ. ಆದರೆ ಅಳಿಸಿದರೆ ಖಾತೆಯ ದಾಖಲೆಯೂ ಅಳಿಯಿತು ಅಂದುಕೊಳ್ಳಬೇಡಿ.

ಬರಹ: 'ನಿಮಗೆ' ಅನ್ನುವ ಪದ

ಮೊದಲ ಜಾಹೀರಾತು ಹೀಗಿತ್ತು:

"ನಿಮಗೆ ಶುಗರ್ ಇದೆಯಾ? ಇನ್ನು ಚಿಂತೆ ಬಿಡಿ! 21 ದಿನ ನಮ್ಮ ದೋಸೆ ತಿನ್ನಿ, ಶುಗರ್ ಕಂಟ್ರೋಲ್ ಗ್ಯಾರಂಟಿ. ಮಾತ್ರೆಗೆ ಗುಡ್‌ಬೈ!"

ಇದರಲ್ಲಿ ಎರಡು ಬೇರೆ ಬೇರೆ ದೋಷ ಇವೆ. ಹೆಚ್ಚಿನವರು ಒಂದನ್ನು ತಿದ್ದಿ ಇನ್ನೊಂದನ್ನು ಬಿಡುತ್ತಾರೆ.

ಒಂದು, "ನಿಮಗೆ ಶುಗರ್ ಇದೆಯಾ?" ಓದುವವರಿಗೆ ಇಂಥ ಕಾಯಿಲೆ ಇದೆ ಅಂತ ಹೇಳುವುದು, ಕೇಳುವುದು, ಸೂಚಿಸುವುದು, ಮೂರೂ Personal attributes ನಿಯಮದಲ್ಲಿ ಸಿಗುತ್ತವೆ. ಕಾಯಿಲೆ ಒಂದೇ ಅಲ್ಲ. ಜಾತಿ-ಜನಾಂಗ, ಧರ್ಮ, ವಯಸ್ಸು, ಅಂಗವೈಕಲ್ಯ, ಹಣದ ಕಷ್ಟ, ಅಪರಾಧದ ದಾಖಲೆ, ಇವೆಲ್ಲ ಇದರಲ್ಲಿ ಸೇರುತ್ತವೆ. ಕಾರಣ ಸರಳ. ರಾತ್ರಿ ಹನ್ನೊಂದಕ್ಕೆ ಫೋನ್ ತೆರೆದವನಿಗೆ "ನಿಮಗೆ ಶುಗರ್ ಇದೆಯಾ?" ಅಂತ ಕಂಡರೆ, 'ಇವರಿಗೆ ಹೇಗೆ ಗೊತ್ತಾಯಿತು?' ಅಂತ ಅವನು ಬೆಚ್ಚುತ್ತಾನೆ. "ಸಾಲದಲ್ಲಿ ಮುಳುಗಿದ್ದೀರಾ?" ಅನ್ನುವ ಲೋನ್ ಜಾಹೀರಾತು ಬೀಳುವುದೂ ಇದಕ್ಕೇ.

ಗಮನಿಸಿ, ಕಾಯಿಲೆಯ ಹೆಸರು ಹೇಳಿದ್ದೇ ತಪ್ಪಲ್ಲ. "ಸಕ್ಕರೆ ಕಾಯಿಲೆ ತಪಾಸಣಾ ಶಿಬಿರ, ಭಾನುವಾರ ಬೆಳಿಗ್ಗೆ" ಅನ್ನುವುದು ಈ ನಿಯಮಕ್ಕೆ ಸಿಗುವುದಿಲ್ಲ. ಅದು ಶಿಬಿರದ ಬಗ್ಗೆ ಹೇಳುತ್ತದೆ. "ನಿಮ್ಮ ಸಕ್ಕರೆ ಕಾಯಿಲೆಗೆ ತಪಾಸಣೆ" ಅಂದರೆ ಓದುವವರ ಬಗ್ಗೆ ಹೇಳಿದಂತಾಯಿತು. ಕನ್ನಡದಲ್ಲಿ ಒಂದು ಮೋಸ ಇದೆ. 'ನೀವು' ಬರೆಯದೆಯೂ ಕ್ರಿಯಾಪದವೇ ಅದನ್ನು ಹೇಳಿಬಿಡುತ್ತದೆ. "ಶುಗರಿನಿಂದ ಸುಸ್ತಾಗಿದ್ದೀರಾ?" ಇದರಲ್ಲಿ 'ನೀವು' ಇಲ್ಲ, ಆದರೆ '-ಇದ್ದೀರಾ' ಕೈ ತೋರಿಸುವುದು ಓದುವವರ ಕಡೆಗೇ. ಹಾಗಾಗಿ ಪದ ಹುಡುಕಬೇಡಿ. ಈ ವಾಕ್ಯ ಯಾರ ಬಗ್ಗೆ ಅಂತ ಕೇಳಿಕೊಳ್ಳಿ.

ಎರಡನೆಯ ದೋಷ, "21 ದಿನ, ಗ್ಯಾರಂಟಿ, ಮಾತ್ರೆಗೆ ಗುಡ್‌ಬೈ". 'ನಿಮಗೆ' ತೆಗೆದು "21 ದಿನದಲ್ಲಿ ಶುಗರ್ ಕಂಟ್ರೋಲ್" ಅಂತ ಉಳಿಸಿದರೆ ಮೊದಲ ದೋಷ ಹೋಯಿತು, ಎರಡನೆಯದು ಉಳಿಯಿತು. ಗುಣವಾಗುತ್ತದೆ ಅನ್ನುವ ಸುಳ್ಳು ಭರವಸೆ, ದಿನ ಹಾಕಿದ ಫಲಿತಾಂಶ, ಇವು ಬೇರೆ ನಿಯಮದಡಿ ಬೀಳುತ್ತವೆ. ತೂಕ ಇಳಿಸುವ ಪುಡಿಯವರು ಹಾಕುವ 'ಮೊದಲು-ನಂತರ' ಜೋಡಿ ಫೋಟೋ ಕೂಡ ಇದೇ ಜಾತಿಯದು.

ಇಲ್ಲಿ ನಾನು ಅಕ್ಕನಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಮೆಟಾ ಬಿಡಲಿ ಬಿಡದಿರಲಿ, ನಮ್ಮ ದೇಶದ ಕಾನೂನೇ ಇದನ್ನು ಬಿಡುವುದಿಲ್ಲ. ಆಹಾರದ ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳಿವೆ. ತಿನ್ನುವ ಪದಾರ್ಥವನ್ನು ಕಾಯಿಲೆ ಗುಣಪಡಿಸುತ್ತದೆ ಅಂತ ಮಾರುವಂತಿಲ್ಲ. 'ಇದು ಆಹಾರ ಅಲ್ಲ, ಔಷಧಿ' ಅಂತ ಆ ಕಡೆ ಹಾರಿದರೆ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಕಾದಿದೆ. ಅದರ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಇದೆ, ಬೊಜ್ಜೂ ಇದೆ. ಮೇಲಾಗಿ, "ಮಾತ್ರೆಗೆ ಗುಡ್‌ಬೈ" ನಂಬಿ ಯಾರಾದರೂ ನಿಜವಾಗಿ ಮಾತ್ರೆ ಬಿಟ್ಟರೆ? ಅಕ್ಕ ಸುಮ್ಮನಾದರು. ಅವರ ಯಜಮಾನರಿಗೂ ಶುಗರ್ ಇದೆ. ದಿನಾ ದೋಸೆ ತಿನ್ನುತ್ತಾರೆ, ಮಾತ್ರೆಯನ್ನೂ ತಗೊಳ್ಳುತ್ತಾರೆ.

ತಿದ್ದಿದ ಬರಹ ಇದು:

"ರಾಗಿ, ಮೆಂತ್ಯ, ಉದ್ದಿನ ದೋಸೆ ಹಿಟ್ಟು. ಮೈದಾ ಇಲ್ಲ, ಸಕ್ಕರೆ ಸೇರಿಸಿಲ್ಲ. ನೀರು ಹಾಕಿ ಕಲಸಿ, ಅರ್ಧ ಗಂಟೆ ಬಿಟ್ಟು ಹೊಯ್ಯಿರಿ. ಡೊಂಬಿವಲಿ, ಠಾಕುರ್ಲಿ, ಕಲ್ಯಾಣಕ್ಕೆ ಮನೆಗೇ ತಲುಪಿಸುತ್ತೇವೆ. ಅರ್ಧ ಕಿಲೋ 140 ರೂ."

"ಹೀಗೆ ಬರೆದ್ರೆ ಶುಗರಿನವರಿಗೆ ಗೊತ್ತಾಗೋದು ಹೇಗೆ ತಮ್ಮಾ?" ಅಂದರು. ರಾಗಿ, ಮೆಂತ್ಯ, ಸಕ್ಕರೆ ಇಲ್ಲ ಅಂತ ಓದಿದ ಶುಗರಿನವರಿಗೆ ಬೇರೆ ಹೇಳಬೇಕಾ? ನಾವು ಹೇಳಿದ್ದು ಪ್ಯಾಕೆಟ್ಟಿನಲ್ಲಿ ಇರುವುದು. ತಮಗೆ ಬೇಕಾ ಬೇಡವಾ ಅಂತ ಓದುವವರೇ ನೋಡಿಕೊಳ್ಳುತ್ತಾರೆ.

ಇನ್ನೊಂದು ಸಣ್ಣ ಉಪಾಯ. ಕನ್ನಡ ಪೋಸ್ಟಿನ ಕೆಳಗೆ ಅನುವಾದ ನೋಡುವ ಬಟನ್ ಕಂಡರೆ ಒಮ್ಮೆ ಒತ್ತಿ ಓದಿ. ಪರಿಶೀಲನೆ ಓದುವುದೂ ಅದನ್ನೇ ಅಂತ ಹೇಳುತ್ತಿಲ್ಲ, ಆದರೆ ನಮ್ಮ ಮಾತು ಯಂತ್ರಕ್ಕೆ ಹೇಗೆ ಕೇಳಿಸುತ್ತದೆ ಅನ್ನುವ ಸುಳಿವು ಸಿಗುತ್ತದೆ. 'ಮನೆಮದ್ದು' ನಮಗೆ ಶುಂಠಿ ಕಷಾಯ. ಯಂತ್ರಕ್ಕೆ ಔಷಧಿ.

ಚಿತ್ರ

ಇದು ಬೇಗ ಮುಗಿಯಿತು. ಹಳೆಯ ಚಿತ್ರದಲ್ಲಿ ದೋಸೆಯ ಪಕ್ಕ ಶುಗರ್ ನೋಡುವ ಮೀಟರ್, ಅದರ ಮೇಲೆ 98 ಅಂತ ಅಂಕಿ. ಬರಹದಲ್ಲಿ ತೆಗೆದ ಭರವಸೆ ಚಿತ್ರದಲ್ಲಿ ಹಾಗೇ ಕೂತಿತ್ತು. ಮೀಟರ್ ತೆಗೆದೆವು. ಕಾವಲಿಯ ಮೇಲೆ ತೂತು ತೂತಾಗಿ ಏಳುತ್ತಿರುವ ದೋಸೆಯ ಫೋಟೋ ಸಾಕು, ಅದಕ್ಕಿಂತ ಒಳ್ಳೆಯ ಜಾಹೀರಾತು ಬೇಕಾ?

ಬೇರೆ ವ್ಯಾಪಾರದವರಿಗೆ ಒಂದು ಮಾತು. ಬ್ಲೌಸ್ ಹೊಲಿಯುವವರು ಬೆನ್ನಿನ ಡಿಸೈನ್ ತೋರಿಸಲು ಮೈಗೆ ತೀರಾ ಹತ್ತಿರದ ಫೋಟೋ ಹಾಕುತ್ತಾರೆ. ಚರ್ಮವೇ ತುಂಬಿದ ಚಿತ್ರ ವಯಸ್ಕರ ವಿಷಯ ಅಂತ ಸಿಕ್ಕಿಹಾಕಿಕೊಳ್ಳಬಹುದು. ಸ್ವಲ್ಪ ದೂರದಿಂದ ತೆಗೆಯಿರಿ, ಅಥವಾ ಬೊಂಬೆಗೆ ತೊಡಿಸಿ.

ಬರಹ ಸರಿ, ಚಿತ್ರ ಸರಿ, ಆದರೂ Rejected

ಖಾತೆ ತೆರೆದ ಮೇಲೆ ಬೂಸ್ಟ್ ಬಟನ್ ಬಿಟ್ಟು Ads Manager ನಲ್ಲೇ ಹೊಸ ಜಾಹೀರಾತು ಮಾಡಿದೆವು. ಇಲ್ಲಿ ಬರಹ, ಚಿತ್ರ, ಲಿಂಕ್ ಬೇರೆ ಬೇರೆ ಖಾನೆಯಲ್ಲಿರುತ್ತವೆ. ಒಂದನ್ನು ಮುಟ್ಟಿ ಉಳಿದದ್ದನ್ನು ಹಾಗೇ ಬಿಡಬಹುದು. ತಪ್ಪು ಹುಡುಕಲು ಇದು ಬೇಕೇ ಬೇಕು. ಸಂಜೆ ಹಾಕಿದ್ದು ರಾತ್ರಿ ಊಟದ ಹೊತ್ತಿಗೆ ತಿರಸ್ಕಾರವಾಗಿ ಬಂತು. ಈ ಸಲ ಕಾರಣ ಆರೋಗ್ಯದ ಹೇಳಿಕೆ ಅಂತ.

ಜಾಹೀರಾತಿನಲ್ಲಿ ಆರೋಗ್ಯದ ಮಾತು ಒಂದೂ ಇಲ್ಲ. ಅಕ್ಕ Request review ಒತ್ತಲು ಹೊರಟರು. ತಡೆದೆ. ನನ್ನ ಲೆಕ್ಕ ಹೀಗೆ: ನಿಯಮ ಓದಿ, ಎಲ್ಲ ಕಡೆ ಹುಡುಕಿ, ತಪ್ಪು ಕಾಣದಿದ್ದರೆ ಮರುಪರಿಶೀಲನೆ ಕೇಳಬೇಕು. ಬೆರಳಿಟ್ಟು ತೋರಿಸಬಹುದಾದ ತಪ್ಪಿದ್ದರೆ ತಿದ್ದಬೇಕು. ನಾವಿನ್ನೂ ಎಲ್ಲ ಕಡೆ ಹುಡುಕಿರಲಿಲ್ಲ. ಪರಿಶೀಲನೆ ಜಾಹೀರಾತಿನ ಜೊತೆಗೆ, ಅದನ್ನು ಒತ್ತಿದರೆ ತೆರೆಯುವ ಪುಟವನ್ನೂ ನೋಡುತ್ತದೆ.

ಅದೇ ಬರಹ, ಅದೇ ಚಿತ್ರ ಇಟ್ಟು ಇನ್ನೊಂದು ಜಾಹೀರಾತು ಮಾಡಿದೆ. ಒಂದೇ ವ್ಯತ್ಯಾಸ, ಒತ್ತಿದರೆ ವೆಬ್‌ಸೈಟ್ ಬದಲು ಅಕ್ಕನ ವಾಟ್ಸಾಪ್ ತೆರೆಯುತ್ತದೆ. ಬೆಳಿಗ್ಗೆ ನೋಡಿದರೆ Active. ಅಲ್ಲಿಗೆ ಬರಹ, ಚಿತ್ರ, ಖಾತೆ ಮೂರೂ ದೋಷಮುಕ್ತ. ಉಳಿದದ್ದು ವೆಬ್‌ಸೈಟ್. ಇದು ನುಣುಚಿಕೊಳ್ಳುವ ಆಟ ಅಲ್ಲ, ಯಾಕೆಂದರೆ ಏನನ್ನೂ ಮುಚ್ಚಿಟ್ಟಿಲ್ಲ, ಮಾರುವ ವಸ್ತುವೂ ಅದೇ. ಆದರೆ ಇಂಥ ಪರೀಕ್ಷೆ ಒಂದು ಸಲ ಸಾಕು. ಹತ್ತು ನಕಲು ಎಸೆದು ಯಾವುದು ಪಾಸಾಗುತ್ತದೋ ನೋಡೋಣ ಅಂದರೆ ಮತ್ತೆ ಹಳೇ ಗುಂಡಿಗೇ ಬೀಳುತ್ತೀರಿ.

ವೆಬ್‌ಸೈಟ್ ಮಾಡಿದ್ದು ಪುಣೆಯಲ್ಲಿರುವ ಅಕ್ಕನ ಮಗಳು. ಪುಟ ತೆರೆದರೆ ಮೇಲೆ 'ರಾಗಿ ಮೆಂತ್ಯ ದೋಸೆ ಹಿಟ್ಟು' ಅಂತ ಚಂದವಾಗಿ ಇದೆ. ಅವಳು ಹಿಂದಿನ ವಾರವೇ ತಿದ್ದಿದ್ದಳು. ಕೆಳಗೆ ಇಳಿದರೆ ಗಿರಾಕಿಗಳ ಮಾತು: "ಫಾಸ್ಟಿಂಗ್ 210 ಇತ್ತು, ಒಂದು ತಿಂಗಳಲ್ಲಿ 120 ಆಯಿತು, ಥ್ಯಾಂಕ್ಯೂ ಅಕ್ಕ." ಇಂಥವು ಮೂರು. "ಅದು ನಾನು ಹೇಳಿದ್ದಲ್ಲ, ಅವರೇ ಬರೆದದ್ದು" ಅಂದರು ಅಕ್ಕ. ಯಾರು ಬರೆದರೂ ನಿಮ್ಮ ಪುಟದಲ್ಲಿ, ನಿಮ್ಮ ಸರಕಿನ ಕೆಳಗೆ ನಿಂತರೆ ಅದು ನಿಮ್ಮ ಹೇಳಿಕೆಯೇ.

ಆಮೇಲೆ ಮೇಲಿನ ವಿಳಾಸ ಪಟ್ಟಿ ನೋಡಿದೆ. ಮೊದಲ ಸಾಲು ಅಲ್ಲಿ ಇದ್ದದ್ದು, ಎರಡನೆಯದು ನಾವು ಬದಲಿಸಿದ್ದು:

```
/product/diabetes-cure-dosa-mix
/product/ragi-menthya-dosa-hittu
```

ಸರಕಿನ ಹೆಸರು ತಿದ್ದಿದರೂ ಪುಟದ ವಿಳಾಸ ತಾನಾಗಿ ಬದಲಾಗುವುದಿಲ್ಲ. ಮೊದಲ ದಿನ ಇಟ್ಟ ಹೆಸರಿನಿಂದ ಹುಟ್ಟಿದ ವಿಳಾಸ ಹಾಗೇ ಉಳಿಯುತ್ತದೆ. ಅದನ್ನು ಬೇರೆಯಾಗಿ ತಿದ್ದಬೇಕು.

ಇನ್ನೊಂದು ಕಣ್ಣಿಗೆ ಕಾಣದ್ದು. ಕಂಪ್ಯೂಟರಿನಲ್ಲಿ ಪುಟ ತೆರೆದು `Ctrl+U` ಒತ್ತಿದರೆ ಪುಟದ ಒಳಗಿನ ಕೋಡ್ ಕಾಣುತ್ತದೆ. ಅಲ್ಲಿ `Ctrl+F` ಒತ್ತಿ `cure`, `diabetes`, 'ಶುಗರ್' ಅಂತ ಒಂದೊಂದಾಗಿ ಹುಡುಕಿ. ನಮಗೆ ಸಿಕ್ಕಿದ್ದು:

```
<meta property="og:description"
 content="Cure diabetes in 21 days">
```

ಲಿಂಕ್ ಹಂಚಿಕೊಂಡಾಗ ಕೆಳಗೆ ಸಣ್ಣ ಅಕ್ಷರದಲ್ಲಿ ಬರುವ ವಿವರಣೆ ಇದೇ. ಗೂಗಲ್‌ನಲ್ಲಿ ಸಿಗಲಿ ಅಂತ ಎರಡು ವರ್ಷದ ಹಿಂದೆ ಬರೆದು, ಆಮೇಲೆ ಎಲ್ಲರೂ ಮರೆತಿದ್ದರು.

ಮೂರನ್ನೂ ಒಂದೇ ಮಧ್ಯಾಹ್ನ ತಿದ್ದಿಸಿದೆ. ನಿಜ ಹೇಳಬೇಕೆಂದರೆ, ಒಟ್ಟಿಗೆ ತಿದ್ದಿದ್ದರಿಂದ ಜಾಹೀರಾತನ್ನು ಬೀಳಿಸಿದ್ದು ಇವುಗಳಲ್ಲಿ ಯಾವುದು ಅಂತ ನನಗೆ ಬೇರೆ ಮಾಡಲಾಗದು. ನನ್ನ ಅನುಮಾನ ಗಿರಾಕಿಗಳ ಮಾತಿನ ಮೇಲೆ. ಆದರೆ ಮೂರೂ ತಪ್ಪೇ, ಒಂದನ್ನು ಉಳಿಸಿ ಪರೀಕ್ಷೆ ಮಾಡುವ ಉಸಾಬರಿ ಯಾಕೆ?

ತಿದ್ದಿದ ಮೇಲೆ ಒಂದು ಹೆಜ್ಜೆ ಬಾಕಿ ಇರುತ್ತದೆ. ಫೇಸ್‌ಬುಕ್ ಪುಟದ ಹಳೆಯ ವಿವರಣೆ, ಚಿತ್ರಗಳನ್ನು ತನ್ನ ಬಳಿ ಇಟ್ಟುಕೊಂಡಿರುತ್ತದೆ. ನೀವು ತಿದ್ದಿದ್ದು ಅದಕ್ಕೆ ತಕ್ಷಣ ಗೊತ್ತಾಗದು. ಅದಕ್ಕೆಂದೇ Sharing Debugger ಅನ್ನುವ ಪುಟ ಇದೆ:

```
https://developers.facebook.com/tools/debug/
```

ಇಲ್ಲಿ ನಿಮ್ಮ ಲಿಂಕ್ ಹಾಕಿದರೆ ಫೇಸ್‌ಬುಕ್ ಕಣ್ಣಿಗೆ ಆ ಪುಟ ಈಗ ಹೇಗಿದೆ ಅಂತ ಕಾಣುತ್ತದೆ. ಹಳೆಯದೇ ಕಂಡರೆ Scrape Again ಒತ್ತಿ. ಹೊಸ ವಿವರಣೆ ಬಂದದ್ದು ನೋಡಿಕೊಂಡೇ ತಿರಸ್ಕಾರವಾದ ಜಾಹೀರಾತಿನಲ್ಲಿ ಹೊಸ ಲಿಂಕ್ ಹಾಕಿ ಪ್ರಕಟಿಸಿದೆವು. ತಿದ್ದಿ ಪ್ರಕಟಿಸಿದರೆ ಪರಿಶೀಲನೆ ತಾನಾಗಿಯೇ ಮತ್ತೆ ನಡೆಯುತ್ತದೆ, ಬೇರೆ ಅರ್ಜಿ ಬೇಡ. ಮರುದಿನ ಬೆಳಿಗ್ಗೆ Active.

"ಹೋದ ವರ್ಷ ಇದೇ ಓಡಿತ್ತಲ್ಲ?"

ಇದನ್ನು ಅಕ್ಕ ಮೂರು ಸಲ ಕೇಳಿದರು. ಹೌದು, ಹೋದ ದೀಪಾವಳಿಗೆ "ನಿಮಗೆ ಶುಗರ್ ಇದೆಯಾ?" ನಾಲ್ಕು ದಿನ ಓಡಿತ್ತು. ಪರಿಶೀಲನೆಯ ಬಹುಪಾಲನ್ನು ಯಂತ್ರ ಮಾಡುತ್ತದೆ. ಅದರ ಕಣ್ತಪ್ಪಿ ಕೆಲವು ಹೋಗುತ್ತವೆ. ಒಮ್ಮೆ ಪಾಸಾದದ್ದಕ್ಕೆ ಖಾಯಂ ಪರವಾನಗಿ ಸಿಕ್ಕಿದಂತಲ್ಲ. ಓಡುತ್ತಿರುವ ಜಾಹೀರಾತನ್ನೂ ಮತ್ತೆ ಪರಿಶೀಲಿಸಿ ನಿಲ್ಲಿಸಬಹುದು. ಬೇರೆಯವರು ಹೇಗೆ ಬರೆಯುತ್ತಾರೆ ನೋಡಲು Ad Library ಚೆನ್ನಾಗಿದೆ, ಅಲ್ಲಿ ಯಾರ ಜಾಹೀರಾತು ಬೇಕಾದರೂ ನೋಡಬಹುದು. ಆದರೆ ಅಲ್ಲಿ ಕಂಡದ್ದನ್ನು ಇದಕ್ಕೆ ಅನುಮತಿ ಇದೆ ಅಂತ ಓದಬೇಡಿ. ಇವತ್ತು ಇನ್ನೂ ಸಿಕ್ಕಿಬಿದ್ದಿಲ್ಲ, ಅಷ್ಟೇ.

ಇನ್ನು ಕೆಲವಕ್ಕೆ ಈ ಯಾವ ರಿಪೇರಿಯೂ ನಡೆಯದು. ಸರಕೇ ನಿಷೇಧವಿದ್ದರೆ, ಅಂದರೆ ಬೀಡಿ, ಸಿಗರೇಟು, ತಂಬಾಕು, ಬರಹ ಎಷ್ಟು ತಿದ್ದಿದರೂ ದಾರಿ ಇಲ್ಲ. ಆನ್‌ಲೈನ್‌ನಲ್ಲಿ ದುಡ್ಡಿಟ್ಟು ಆಡುವ ಆಟಗಳ ಜಾಹೀರಾತನ್ನು ನಮ್ಮ ದೇಶದ 2025ರ ಕಾಯ್ದೆಯೇ ನಿಷೇಧಿಸಿದೆ. ವ್ಯಾಪಾರದ ದಾಖಲೆ ಕೇಳಿದರೆ ಉದ್ಯಮ್ ನೋಂದಣಿ, ಜಿಎಸ್‌ಟಿ ಪತ್ರ, ನಮ್ಮ ಕಡೆ ಗುಮಾಸ್ತಾ ಅನ್ನುತ್ತೇವಲ್ಲ, ಆ ಶಾಪ್ ಆಕ್ಟ್ ಕಾಗದ, ಇವುಗಳಲ್ಲಿ ಇರುವುದನ್ನು ಮೊದಲೇ ತೆಗೆದಿಡಿ. ಕಾಗದದ ಮೇಲಿನ ಅಂಗಡಿ ಹೆಸರು, ವಿಳಾಸ ಮೆಟಾದಲ್ಲಿ ತುಂಬಿದ್ದಕ್ಕೆ ಹೊಂದಬೇಕು. 'ಈಸ್ಟ್' ಬಿಟ್ಟುಹೋದರೂ ಸುಮ್ನೆ ಎರಡು ದಿನ ಹಾಳು.

ಅಕ್ಕನ ಜಾಹೀರಾತು ಐದು ದಿನ ಓಡಿತು. ವಾಟ್ಸಾಪಿಗೆ 31 ಜನ ಬರೆದರು. ಅರ್ಧಕ್ಕರ್ಧ ಜನ ಕೇಳಿದ್ದು, "ಇದು ಶುಗರಿನವರು ತಿನ್ನಬಹುದಾ?" ಅಂತ. ಅಕ್ಕ ಒಂದೇ ಉತ್ತರ ಬರೆದಿಟ್ಟುಕೊಂಡಿದ್ದಾರೆ: ಇದರಲ್ಲಿ ಇಷ್ಟಿಷ್ಟು ಹಾಕಿದ್ದೇನೆ, ನಿಮ್ಮ ಡಾಕ್ಟರನ್ನು ಕೇಳಿ ತಿನ್ನಿ.

ಕೊನೆಗೆ ಸಿಕ್ಕಿದ್ದು ಪ್ಯಾಕೆಟ್ಟಿನ ಸ್ಟಿಕ್ಕರ್. ದೀಪಾವಳಿಯ ಜಾಹೀರಾತಿಗೆ ಪ್ಯಾಕೆಟ್ಟಿನ ಫೋಟೋ ತೆಗೆಯಲು ಅಂಗಡಿಗೆ ತಂದರು. ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇದೆ, ತೂಕ ಇದೆ, ತಾರೀಕು ಇದೆ, ನಡುವೆ ಕೆಂಪಕ್ಷರದಲ್ಲಿ 'ಶುಗರ್ ದೋಸೆ, 21 ದಿನದಲ್ಲಿ ಫಲ'. ಮನೆಯಲ್ಲಿ ಇನ್ನೂ 400 ಸ್ಟಿಕ್ಕರ್ ಉಳಿದಿವೆಯಂತೆ. ಹೊಸದನ್ನು ಆ ಸಂಜೆಯೇ ಪ್ರಿಂಟಿಗೆ ಹಾಕಿದೆ.